ತಪ್ಪು ಖಾತೆಗೆ ಹೋದ ಹಣ: ವಾಪಸ್ ಬರುವ ದಾರಿ

ನೀವು ಯಾರಿಗಾದರೂ ಎನ್‌ಇಎಫ್‌ಟಿ ಮೂಲಕ ಹಣ ಕಳಿಸುವಾಗ ಅವರ ಹೆಸರನ್ನೂ ಅಕೌಂಟ್ ನಂಬರನ್ನೂ ತುಂಬುತ್ತೀರಿ. ಹಣ ಜಮಾ ಮಾಡುವ ಬ್ಯಾಂಕಿನ ಕಂಪ್ಯೂಟರ್ ಇವೆರಡರಲ್ಲಿ ನೋಡುವುದು ನಂಬರನ್ನು ಮಾತ್ರ. ಹೆಸರಿನ ಜಾಗದಲ್ಲಿ ಏನೇ ಬರೆದಿದ್ದರೂ ನಂಬರ್ ಚಾಲ್ತಿಯಲ್ಲಿದ್ದರೆ ಸಾಕು, ದುಡ್ಡು ಆ ಖಾತೆಗೆ ಜಮಾ ಆಗುತ್ತದೆ. ಇದು ಬ್ಯಾಂಕಿನವರ ಉದಾಸೀನವೇನಲ್ಲ. ನಂಬರಿನ ಆಧಾರದ ಮೇಲಷ್ಟೇ ಜಮಾ ಮಾಡಬಹುದು, ಸರಿಯಾದ ನಂಬರ್ ಕೊಡುವ ಹೊಣೆ ಕಳಿಸುವವರದು ಎಂದು ರಿಸರ್ವ್ ಬ್ಯಾಂಕ್ 2010ರ ಅಕ್ಟೋಬರ್‌ನಲ್ಲೇ ಸುತ್ತೋಲೆ ಹೊರಡಿಸಿದೆ. ಈ ಎಚ್ಚರಿಕೆಯನ್ನು ಗ್ರಾಹಕರ ಕಣ್ಣಿಗೆ ಬೀಳುವಂತೆ ಹಾಕಬೇಕೆಂದೂ ಅದರಲ್ಲಿದೆ. ಮೊಬೈಲ್ ಆ್ಯಪ್‌ನಲ್ಲಿ ನಾವು ಓದದೆ ಟಿಕ್ ಹಾಕಿ ಮುಂದೆ ಹೋಗುವ ಆ ಸಣ್ಣಕ್ಷರದ ಸಾಲುಗಳಲ್ಲಿ ಇರುವುದು ಇದೇ.

ತುಂಬಿದ ನಂಬರಿನ ಖಾತೆಯೇ ಇಲ್ಲದಿದ್ದರೆ ಚಿಂತೆ ಇಲ್ಲ. ಎನ್‌ಇಎಫ್‌ಟಿ ದಿನವಿಡೀ ಅರ್ಧ ಗಂಟೆಗೊಂದರಂತೆ ಕಂತುಗಳಲ್ಲಿ ನಡೆಯುತ್ತದೆ. ಜಮಾ ಮಾಡಲಾಗದ ಹಣವನ್ನು ಆ ಕಂತು ಮುಗಿದ ಎರಡು ಗಂಟೆಯೊಳಗೆ ಹಿಂದಿರುಗಿಸಬೇಕೆಂಬ ನಿಯಮವಿದೆ. ಮುಚ್ಚಿದ ಖಾತೆಯಾದರೂ ಹಾಗೆಯೇ. ಯಾರೂ ಅರ್ಜಿ ಕೊಡಬೇಕಿಲ್ಲ, ದುಡ್ಡು ತಾನಾಗಿ ಮರಳುತ್ತದೆ. ನಿಜವಾದ ಫಜೀತಿ ಶುರುವಾಗುವುದು ತಪ್ಪು ನಂಬರಿನಲ್ಲೂ ಒಬ್ಬ ಮನುಷ್ಯ ಇದ್ದಾಗ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಶಿರಸಿಯ ಕಡೆಯ ಒಬ್ಬ ಅಡಿಕೆ ಬೆಳೆಗಾರರು ಹುಬ್ಬಳ್ಳಿಯ ಅಂಗಡಿಯಿಂದ ಬೋರ್‌ವೆಲ್ ಮೋಟರ್ ತರಿಸುತ್ತಾರೆ, ಬಿಲ್ಲು 48,000 ರೂಪಾಯಿ. ಅಂಗಡಿಯವರು ಫೋನಿನಲ್ಲಿ ಹೇಳಿದ ಅಕೌಂಟ್ ನಂಬರನ್ನು ಇವರು ಚೀಟಿಯಲ್ಲಿ ಗೀಚಿಕೊಳ್ಳುತ್ತಾರೆ. ಕೊನೆಯ ನಾಲ್ಕು ಅಂಕಿ 3862 ಇರಬೇಕಾದದ್ದು 3682 ಆಗುತ್ತದೆ. ಆ್ಯಪ್ ನಂಬರನ್ನು ಎರಡು ಸಲ ಕೇಳುತ್ತದೆ ನಿಜ. ಆದರೆ ಚೀಟಿಯೇ ತಪ್ಪಿದ್ದ ಮೇಲೆ ಎರಡು ಸಲ ತುಂಬಿದರೆ ಎರಡು ಸಲವೂ ಅದೇ ತಪ್ಪು. ಎಷ್ಟೋ ಬ್ಯಾಂಕುಗಳಲ್ಲಿ ನಂಬರಿನ ಮೊದಲ ಭಾಗ ಶಾಖೆಯನ್ನು ಹೇಳುತ್ತದೆ, ಕೊನೆಯ ಭಾಗ ಖಾತೆ ತೆರೆದ ಸರತಿಯಂತೆ ಏರುತ್ತ ಹೋಗುತ್ತದೆ. ಹಾಗಾಗಿ 3682 ಕೂಡ ಅದೇ ಹುಬ್ಬಳ್ಳಿ ಶಾಖೆಯಲ್ಲಿ, ಇನ್ಯಾರದೋ ಉಳಿತಾಯ ಖಾತೆಯಾಗಿರುವ ಸಾಧ್ಯತೆ ಚೆನ್ನಾಗಿಯೇ ಇದೆ.

ಎರಡು ದಿನ ಬಿಟ್ಟು ಅಂಗಡಿಯವರು ‘ದುಡ್ಡು ಬಂದಿಲ್ಲವಲ್ಲ ಸಾರ್’ ಎಂದಾಗ ವಿಷಯ ಗೊತ್ತಾಗುತ್ತದೆ. ಬೆಳೆಗಾರರು ಮೊದಲು ನೋಡಬೇಕಾದದ್ದು ಯುಟಿಆರ್ ಸಂಖ್ಯೆಯನ್ನು. ಪ್ರತಿ ಎನ್‌ಇಎಫ್‌ಟಿಗೂ ಒಂದು ಯುಟಿಆರ್ ಇರುತ್ತದೆ. ಖಾತೆಯ ಸ್ಟೇಟ್‌ಮೆಂಟಿನಲ್ಲಿ, ಆ್ಯಪ್‌ನ ವಹಿವಾಟಿನ ವಿವರದಲ್ಲಿ ಸಿಗುತ್ತದೆ. ಎರಡೂ ಬ್ಯಾಂಕುಗಳು ಆ ವಹಿವಾಟನ್ನು ಗುರುತಿಸುವುದು ಅದರಿಂದಲೇ. ಹೆಸರು, ತಾರೀಕು, ಮೊತ್ತ ಹೇಳಿ ಹುಡುಕಿಸಲು ಹೊರಟರೆ ದಿನಗಳೇ ಹಿಡಿಯುತ್ತವೆ.

ಆಮೇಲೆ ತಮ್ಮ ಶಾಖೆಗೆ ಹೋಗಿ ಲಿಖಿತ ಅರ್ಜಿ ಕೊಡಬೇಕು. ಕೌಂಟರಿನಲ್ಲಿ ಬಾಯಿಮಾತಿಗೆ ‘ನೋಡ್ತೀವಿ ಬಿಡಿ’ ಎನ್ನಿಸಿಕೊಂಡು ಬಂದರೆ ಕಡತದಲ್ಲಿ ಏನೂ ಉಳಿಯುವುದಿಲ್ಲ. ಹಣ ಹೋದ ತಪ್ಪು ನಂಬರು, ಹೋಗಬೇಕಿದ್ದ ಸರಿ ನಂಬರು, ಎರಡನ್ನೂ ಒಂದರ ಕೆಳಗೊಂದು ಬರೆಯಬೇಕು. 3862, 3682 ಎರಡೂ ಎದುರಿಗಿದ್ದರೆ ಇದು ಕೈತಪ್ಪು ಎಂಬುದು ಓದಿದವರಿಗೆ ಒಡನೆ ಹೊಳೆಯುತ್ತದೆ. ಜೊತೆಗೆ ಮೋಟರ್ ಬಿಲ್ಲಿನ ಪ್ರತಿ ಲಗತ್ತಿಸಿದರೆ ಇನ್ನೂ ಒಳ್ಳೆಯದು, ಏಕೆಂದರೆ ಕೊಟ್ಟ ಸಾಲವನ್ನೋ ಮುರಿದುಬಿದ್ದ ವ್ಯಾಪಾರದ ಮುಂಗಡವನ್ನೋ ‘ತಪ್ಪಿ ಹೋಯಿತು’ ಎಂದು ವಾಪಸ್ ಕೇಳುವವರನ್ನೂ ಬ್ಯಾಂಕಿನವರು ನೋಡಿರುತ್ತಾರೆ. ಅರ್ಜಿ ಸ್ವೀಕರಿಸಿದ್ದಕ್ಕೆ ಮೊಹರು, ದೂರಿನ ಸಂಖ್ಯೆ ಪಡೆದೇ ಹೊರಡಬೇಕು.

ಶಿರಸಿ ಶಾಖೆಗೆ ಹುಬ್ಬಳ್ಳಿಯ ಖಾತೆಯನ್ನು ಮುಟ್ಟುವ ಅಧಿಕಾರವಿಲ್ಲ. ಅವರು ಮಾಡುವುದು ಹಣ ಪಡೆದ ಬ್ಯಾಂಕಿಗೆ ಒಂದು ಕೋರಿಕೆ ಕಳಿಸುವುದು. ಇದನ್ನೇ ರೀಕಾಲ್ ಎನ್ನುತ್ತಾರೆ. ಕೇಳುವುದಕ್ಕೆ ಆಜ್ಞೆಯಂತಿದ್ದರೂ ಅದೊಂದು ವಿನಂತಿಪತ್ರ, ಅಷ್ಟೆ. ‘ನಮ್ಮ ಗ್ರಾಹಕರಿಂದ ಈ ಯುಟಿಆರ್‌ನ ಹಣ ತಪ್ಪಾಗಿ ನಿಮ್ಮ ಈ ಖಾತೆಗೆ ಬಂದಿದೆ, ಖಾತೆದಾರರ ಒಪ್ಪಿಗೆ ಪಡೆದು ಹಿಂದಿರುಗಿಸಿ’ ಎಂಬುದು ಅದರ ಸಾರ. ಅದು ಸಾಮಾನ್ಯವಾಗಿ ಈ ಬ್ಯಾಂಕಿನ ಪಾವತಿ ವಿಭಾಗದಿಂದ ಆ ಬ್ಯಾಂಕಿನ ಪಾವತಿ ವಿಭಾಗಕ್ಕೆ ಇ-ಮೇಲ್ ಮೂಲಕ ಹೋಗಿ, ಅಲ್ಲಿಂದ ಖಾತೆ ಇರುವ ಶಾಖೆಗೆ ಇಳಿಯುತ್ತದೆ. ಪತ್ರ ಕೊಳೆಯುವುದೂ ಬಹುಮಟ್ಟಿಗೆ ಈ ಇಳಿಜಾರಿನಲ್ಲೇ. ಐಎಫ್‌ಎಸ್‌ಸಿ ನೋಡಿದರೆ ಶಾಖೆ ಯಾವುದೆಂದು ತಿಳಿಯುವುದರಿಂದ, ಅರ್ಜಿಯ ಪ್ರತಿ ಹಿಡಿದು ಖುದ್ದಾಗಿ ಹುಬ್ಬಳ್ಳಿ ಶಾಖೆಗೂ ಒಮ್ಮೆ ಹೋಗಿ ಬರುವುದು ಲಾಭದ ಮಾತು. ಖಾತೆದಾರರ ಹೆಸರು, ಫೋನ್ ನಂಬರನ್ನು ಅಲ್ಲಿ ಹೇಳುವುದಿಲ್ಲ. ಗ್ರಾಹಕರ ಗುಟ್ಟು ಕಾಯುವುದು ಬ್ಯಾಂಕಿನ ಕರ್ತವ್ಯ. ಆದರೆ ನಿಮ್ಮೆದುರಿಗೇ ಅವರು ಖಾತೆದಾರರಿಗೆ ಫೋನ್ ಮಾಡಬಹುದು, ಬಹಳಷ್ಟು ಪ್ರಕರಣ ಬಗೆಹರಿಯುವುದು ಆ ಒಂದು ಫೋನಿನಿಂದ. ಅವರು ಬಂದು ‘ಇಷ್ಟು ಹಣವನ್ನು ನನ್ನ ಖಾತೆಯಿಂದ ಕಳೆಯಲು ನನ್ನ ಒಪ್ಪಿಗೆಯಿದೆ’ ಎಂದು ಬರೆದು ಸಹಿ ಹಾಕಿದರೆ ಮುಗಿಯಿತು. ಹಣ ಹೊಸದೊಂದು ಯುಟಿಆರ್ ಹೊತ್ತು ಶಿರಸಿಗೆ ಮರಳುತ್ತದೆ.

ಕಂಪ್ಯೂಟರಿನಲ್ಲಿ ಎಲ್ಲವೂ ಕಾಣುತ್ತಿರುವಾಗ ಬ್ಯಾಂಕೇ ಹಣ ಕಳೆದು ಕಳಿಸಬಾರದೇಕೆ ಎಂದು ಕಳೆದುಕೊಂಡವರು ಸಿಟ್ಟಿನಿಂದ ಕೇಳುತ್ತಾರೆ. ಜಮಾ ಆದ ಕ್ಷಣದಿಂದ ಆ 48,000 ರೂಪಾಯಿ ಬ್ಯಾಂಕಿನ ಲೆಕ್ಕದಲ್ಲಿ ಆ ಖಾತೆದಾರರ ಹಣ. ಅದು ತಪ್ಪಾಗಿ ಬಂದದ್ದು ಎನ್ನುವುದು ದೂರದ ಇನ್ನೊಬ್ಬರ ಹೇಳಿಕೆ. ಆ ಹೇಳಿಕೆ ನಂಬಿ ಬ್ಯಾಂಕು ಕೈಹಾಕಿದರೆ, ನಾಳೆ ನಿಮ್ಮ ಖಾತೆಗೆ ಬಂದ ಸಂಬಳವನ್ನೂ ಯಾರೋ ‘ತಪ್ಪಿ ಕಳಿಸಿದೆ’ ಎಂದು ಎಳೆದುಕೊಳ್ಳಬಹುದು. ಈ ವಿಷಯದಲ್ಲಿ ನನಗೆ ಬ್ಯಾಂಕಿನ ಪಕ್ಷವೇ ಸರಿ ಕಾಣುತ್ತದೆ. ಆದರೆ ಒಪ್ಪಿಗೆ ಬೇಕು ಎಂಬ ನೆಪದಲ್ಲಿ ಒಪ್ಪಿಗೆ ಕೇಳುವ ಕೆಲಸವನ್ನೇ ವಾರಗಟ್ಟಲೆ ಮುಂದೂಡುವುದಿದೆಯಲ್ಲ, ಅದಕ್ಕೆ ಯಾವ ಸಮರ್ಥನೆಯೂ ಇಲ್ಲ. ದೂರು ಕೊಟ್ಟು 30 ದಿನವಾದರೂ ಬ್ಯಾಂಕಿನಿಂದ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ cms.rbi.org.in ಜಾಲತಾಣದಲ್ಲಿ ದೂರಬಹುದು. ಅಲ್ಲಿ ಹೇಳಬೇಕಾದದ್ದು ‘ನನ್ನ ಹಣ ಹೋಯಿತು’ ಎಂದಲ್ಲ, ನಂಬರ್ ತಪ್ಪಿದ್ದು ನಿಮ್ಮಿಂದಲೇ ತಾನೆ. ಇಂಥ ದಿನ ಅರ್ಜಿ ಕೊಟ್ಟೆ, ಬ್ಯಾಂಕು ಎದುರು ಬ್ಯಾಂಕಿಗೆ ಪತ್ರವನ್ನೇ ಬರೆಯಲಿಲ್ಲ ಎಂಬ ಸೇವಾಲೋಪವನ್ನು ತೋರಿಸಬೇಕು. ಮೊಹರು ಬಿದ್ದ ಪ್ರತಿ ಬೇಕೆಂದದ್ದು ಇದಕ್ಕೇ.

ತಪ್ಪು ಬ್ಯಾಂಕಿನದೇ ಆಗಿದ್ದರೆ ಕಥೆ ಬೇರೆ. ನೀವು ಚಲನ್‌ನಲ್ಲಿ ಸರಿಯಾಗಿ ಬರೆದ ನಂಬರನ್ನು ಸಿಬ್ಬಂದಿ ತಪ್ಪಾಗಿ ಒತ್ತಿದ್ದರೆ ನಿಮ್ಮ ಹಣ ತುಂಬಿಕೊಡುವ ಹೊಣೆ ಬ್ಯಾಂಕಿನದು. ಚಲನ್‌ನ ಅರ್ಧಭಾಗವನ್ನು ಜೋಪಾನವಾಗಿಡಿ. 2021ರಲ್ಲಿ ಬಿಹಾರದ ಖಗರಿಯಾ ಜಿಲ್ಲೆಯಲ್ಲಿ ಹೀಗೆಯೇ ಗ್ರಾಮೀಣ ಬ್ಯಾಂಕೊಂದರ ತಪ್ಪಿನಿಂದ ಒಬ್ಬರ ಖಾತೆಗೆ ಐದೂವರೆ ಲಕ್ಷ ರೂಪಾಯಿ ಬಿತ್ತು. ಬ್ಯಾಂಕು ವಾಪಸ್ ಕೇಳಿದರೆ ಆತ, ಅದು ಪ್ರಧಾನಿಯವರು ಕಳಿಸಿದ ಹಣವೆಂದು ತಿಳಿದು ಖರ್ಚು ಮಾಡಿಬಿಟ್ಟೆ ಎಂದ. ಕೊನೆಗೆ ಪೊಲೀಸರು ಬಂಧಿಸಿದರು.

ಹಣ ಪಡೆದವರು ಒಳ್ಳೆಯವರಾಗಿದ್ದೂ ಹಣ ಸಿಗದೆ ಹೋಗುವ ಸಂದರ್ಭಗಳೂ ಇವೆ. ಅವರ ಖಾತೆಯಿಂದ ಪ್ರತಿ ತಿಂಗಳು 5ರಂದು ಬೈಕಿನ ಕಂತು ತಾನಾಗಿ ಕಡಿತವಾಗುತ್ತಿದ್ದರೆ, ನಿಮ್ಮ ದುಡ್ಡಿನಿಂದಲೇ ಆ ಕಂತು ಹೋಗಿರುತ್ತದೆ. ತಪ್ಪು ನಂಬರು ಸಾಲದ ಖಾತೆಯದಾಗಿದ್ದರೆ ಹಣ ಸಾಲಕ್ಕೆ ವಜಾ ಆಗಿರುತ್ತದೆ. ಖಾತೆ ವರ್ಷಗಟ್ಟಲೆ ನಿಷ್ಕ್ರಿಯವಾಗಿದ್ದರೆ ದುಡ್ಡು ಒಳಗೆ ಹೋಗುತ್ತದೆ, ಆದರೆ ಖಾತೆದಾರರು ಬಂದು ಕೆವೈಸಿ ಕೊಟ್ಟು ಖಾತೆ ಚಾಲೂ ಮಾಡಿಸುವವರೆಗೆ ಹೊರಗೆ ಬರುವುದಿಲ್ಲ. ಆದ್ದರಿಂದಲೇ ಅರ್ಜಿಯಲ್ಲಿ ಆ ಮೊತ್ತದಷ್ಟಕ್ಕೆ ‘ಲೀನ್’, ಅಂದರೆ ತಾತ್ಕಾಲಿಕ ತಡೆ ಹಾಕಿರಿ ಎಂದು ಕೇಳುವುದು ವಾಡಿಕೆ. ಹಾಕಲೇಬೇಕೆಂದು ಹಟ ಹಿಡಿಯಲು ಬರುವುದಿಲ್ಲ. ಹಾಕಿದರೆ ಮಾತ್ರ, ಮಾತುಕತೆ ಮುಗಿಯುವವರೆಗೆ ಹಣ ಕರಗದೆ ನಿಂತಿರುತ್ತದೆ.

ಖಾತೆದಾರರು ‘ಕೊಡುವುದಿಲ್ಲ’ ಎಂದುಬಿಟ್ಟರೆ ಬ್ಯಾಂಕಿನ ಪಾತ್ರ ಅಲ್ಲಿಗೆ ಮುಗಿಯಿತು. ಆ ನಿರಾಕರಣೆಯನ್ನು ಬರವಣಿಗೆಯಲ್ಲಿ ಪಡೆಯಬೇಕು. ತಪ್ಪಿನಿಂದ ಬಂದ ಹಣವನ್ನು ಪಡೆದವರು ಹಿಂದಿರುಗಿಸಲೇಬೇಕು ಎಂದು 1872ರ ಕರಾರು ಕಾಯ್ದೆಯ 72ನೇ ಸೆಕ್ಷನ್ ಹೇಳುತ್ತದೆ. ಅದರಡಿ ಸಿವಿಲ್ ದಾವೆ ಹೂಡಬಹುದು. ನಮ್ಮದಲ್ಲವೆಂದು ತಿಳಿದ ಮೇಲೂ ಅಪ್ರಾಮಾಣಿಕವಾಗಿ ಬಳಸಿಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 314ನೇ ಸೆಕ್ಷನ್ ಪ್ರಕಾರ ಅಪರಾಧವೂ ಹೌದು. ನಿಮಗೆ ಹೇಳದ ಹೆಸರು, ವಿಳಾಸವನ್ನು ಪೊಲೀಸರು ಅಥವಾ ಕೋರ್ಟು ಕೇಳಿದರೆ ಬ್ಯಾಂಕು ಕೊಡುತ್ತದೆ. ಎರಡು ಮೂರು ಸಾವಿರಕ್ಕೆ ವಕೀಲರ ಫೀಜೇ ಹೆಚ್ಚಾದೀತು ಎಂಬುದೂ ಲೆಕ್ಕಕ್ಕೆ ಬರಬೇಕಾದ ಮಾತು.

ಈಗ ಇಷ್ಟೆಲ್ಲ ಓಡಾಟವನ್ನು ಮೊದಲೇ ತಪ್ಪಿಸುವ ಒಂದು ಅನುಕೂಲ ಬಂದಿದೆ. ಯುಪಿಐ ಮತ್ತು ಐಎಂಪಿಎಸ್‌ಗೆ ಮೊದಲಿನಿಂದ ಇದ್ದ ಹೆಸರು ನೋಡುವ ಸೌಲಭ್ಯವನ್ನು ಎನ್‌ಇಎಫ್‌ಟಿ, ಆರ್‌ಟಿಜಿಎಸ್‌ಗಳಿಗೂ 2025ರ ಏಪ್ರಿಲ್ 1ರೊಳಗೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸೂಚಿಸಿತು. ಅಕೌಂಟ್ ನಂಬರ್, ಐಎಫ್‌ಎಸ್‌ಸಿ ತುಂಬಿದರೆ ಆ ಬ್ಯಾಂಕಿನ ದಾಖಲೆಯಲ್ಲಿರುವ ಹೆಸರು ತೆರೆಯ ಮೇಲೆ ಬರುತ್ತದೆ, ಶುಲ್ಕವಿಲ್ಲ. ಶಾಖೆಗೆ ಹೋಗಿ ಕಳಿಸುವವರಿಗೂ ಇದು ಸಿಗುತ್ತದೆ. ನಮ್ಮ ಬೆಳೆಗಾರರು ಅದನ್ನು ನೋಡಿದ್ದರೆ ಅಂಗಡಿಯ ಹೆಸರಿನ ಬದಲು ಯಾವುದೋ ವ್ಯಕ್ತಿಯ ಹೆಸರು ಕಂಡು ಕೈ ತಡೆಯುತ್ತಿತ್ತು. ಆದರೆ ಇದು ಕಾಯುವುದು ನಂಬರ್ ತುಂಬುವಾಗಿನ ತಪ್ಪನ್ನು ಮಾತ್ರ. ಮೊದಲೇ ಸೇರಿಸಿಟ್ಟ ಪಟ್ಟಿಯಲ್ಲಿ ಇಬ್ಬರು ಮಂಜುನಾಥರಿದ್ದು, ಮೇಲಿನವರ ಬದಲು ಕೆಳಗಿನವರನ್ನು ಒತ್ತಿದರೆ ಹೆಸರು ಸರಿಯಾಗಿಯೇ ಕಾಣುತ್ತದೆ, ದುಡ್ಡು ತಪ್ಪಿ ಹೋಗುತ್ತದೆ. ಪಟ್ಟಿಯಲ್ಲಿ ಹೆಸರು ಉಳಿಸುವಾಗಲೇ ‘ಮಂಜುನಾಥ ಗಾರೆ ಕೆಲಸ’, ‘ಮಂಜುನಾಥ ಭಾವ’ ಎಂದು ಅಡ್ಡಹೆಸರು ಕೊಟ್ಟುಕೊಳ್ಳುವುದೇ ಅದಕ್ಕೆ ಮದ್ದು.

ಇನ್ನು, ಹುಬ್ಬಳ್ಳಿಯ ಆ ಅಪರಿಚಿತ ಖಾತೆದಾರರ ಜಾಗದಲ್ಲಿ ನೀವೇ ಇದ್ದರೆ? ಗೊತ್ತಿಲ್ಲದ ಹಣ ಬಂದಾಗ ಅದನ್ನು ಮುಟ್ಟದೆ ನಿಮ್ಮ ಶಾಖೆಗೆ ಬರಹದಲ್ಲಿ ತಿಳಿಸಿ. ‘ತಪ್ಪಿ ನಿಮ್ಮ ಖಾತೆಗೆ ಹಾಕಿಬಿಟ್ಟೆ ಅಣ್ಣಾ, ಈ ನಂಬರಿಗೆ ವಾಪಸ್ ಹಾಕಿ’ ಎಂದು ಯಾರಾದರೂ ಅಂಗಲಾಚಿ ಫೋನ್ ಮಾಡಿದರೆ ಕರಗಬೇಡಿ. ಬಂದ ಹಣ ಯಾರಿಂದಲೋ ವಂಚಿಸಿ ತೆಗೆದದ್ದಾಗಿರಬಹುದು, ನೀವು ಕಳಿಸುವ ಖಾತೆ ಮೂರನೆಯವರದಾಗಿರಬಹುದು. ವಂಚನೆಗೊಳಗಾದವರು ದೂರು ಕೊಟ್ಟಾಗ ಪೊಲೀಸರು ತಡೆಹಿಡಿಯುವುದು ಹಣ ಮೊದಲು ಬಂದು ಬಿದ್ದ ನಿಮ್ಮ ಖಾತೆಯನ್ನು. ಕೆಲವೊಮ್ಮೆ ಹಣವೇ ಬಂದಿರುವುದಿಲ್ಲ, ಬರೀ ನಕಲಿ ಎಸ್ಸೆಮ್ಮೆಸ್ ಬಂದಿರುತ್ತದೆ. ಹಾಗಾಗಿ ಮೊದಲು ಖಾತೆಯ ಬಾಕಿ ನೋಡಿ, ಆಮೇಲೆ ಫೋನ್ ಮಾಡಿದವರಿಗೆ ‘ನಿಮ್ಮ ಬ್ಯಾಂಕಿನಿಂದ ರೀಕಾಲ್ ಕಳಿಸಿ, ನಮ್ಮ ಬ್ಯಾಂಕಿನಲ್ಲಿ ಸಹಿ ಹಾಕುತ್ತೇನೆ’ ಎಂದು ಹೇಳಿ. ನಿಜವಾಗಿ ತಪ್ಪಿ ಕಳಿಸಿದವರಾದರೆ ಯುಟಿಆರ್ ಸಂಖ್ಯೆ ಹಿಡಿದು ತಮ್ಮ ಶಾಖೆಗೆ ಹೋಗುತ್ತಾರೆ.