ಏಪ್ರಿಲ್ 15ರೊಳಗೆ ಬರೆಯಬೇಕಾದ ಸಾಲುಗಳು

ದೇವ್ ದತ್ ಗಡಿ ರಸ್ತೆಗಳ ಎಂಜಿನಿಯರಿಂಗ್ ಸೇವೆಯಲ್ಲಿ ಕಾರ್ಯಪಾಲಕ ಎಂಜಿನಿಯರ್ ಆಗಿದ್ದರು. ಮುಂದಿನ ಹುದ್ದೆಗೆ ಬಡ್ತಿ ಸಿಗಬೇಕಾದರೆ ಹಿಂದಿನ ಐದು ವರ್ಷಗಳ ಗೌಪ್ಯ ವರದಿಗಳಲ್ಲಿ ‘ಬಹಳ ಉತ್ತಮ’ ಎಂದಿರಬೇಕಿತ್ತು. 1993-94ರ ವರದಿಯಲ್ಲಿ ‘ಉತ್ತಮ’ ಎಂದಷ್ಟೇ ಇದ್ದ ಕಾರಣ ಬಡ್ತಿ ಕೈತಪ್ಪಿತು. ಆ ಷರಾವನ್ನು ಅವರಿಗೆ ಯಾರೂ ತೋರಿಸಿಯೇ ಇರಲಿಲ್ಲ. ಕೆಟ್ಟ ಷರಾ ಇದ್ದರೆ ಮಾತ್ರ ತಿಳಿಸುವುದು ಅಂದಿನ ಪದ್ಧತಿ. 2008ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಒಳ್ಳೆಯದಿರಲಿ ಕೆಟ್ಟದ್ದಿರಲಿ, ಪ್ರತಿಯೊಂದು ಷರಾವನ್ನೂ ನೌಕರನಿಗೆ ತಿಳಿಸಬೇಕು ಎಂದು ಅವರ ಪ್ರಕರಣದಲ್ಲಿ ತೀರ್ಪಿತ್ತಿತು.

ಮರುವರ್ಷ ಕೇಂದ್ರ ಸರ್ಕಾರ ಗೌಪ್ಯ ವರದಿಯ ಹೆಸರನ್ನೂ ಬದಲಿಸಿತು. ಈಗ ಅದು ವಾರ್ಷಿಕ ಕಾರ್ಯಸಾಧನೆಯ ಮೌಲ್ಯಮಾಪನ ವರದಿ, ಕಚೇರಿಯ ಮಾತಿನಲ್ಲಿ ‘ಎಪಿಎಆರ್’. ಅದರ ಎರಡನೇ ಭಾಗವನ್ನು ನೌಕರನೇ ತುಂಬಿ ಏಪ್ರಿಲ್ 15ರೊಳಗೆ ಒಪ್ಪಿಸಬೇಕು. ಮಾಡಿದ ಕರ್ತವ್ಯ, ಇಟ್ಟುಕೊಂಡಿದ್ದ ಗುರಿ, ಮುಟ್ಟಿದ್ದೆಷ್ಟು, ಉಳಿದದ್ದೆಷ್ಟು ಮತ್ತು ಏಕೆ ಎಂಬಿವು ಅಲ್ಲಿರುವ ಅಂಕಣಗಳು.

ಆ ಅಂಕಣಗಳಲ್ಲಿ ಅನೇಕರು ಬರೆಯುವುದು ಹೀಗೆ: ‘ವಹಿಸಿದ ಎಲ್ಲ ಕೆಲಸಗಳನ್ನು ಹಗಲಿರುಳೆನ್ನದೆ, ಅತ್ಯಂತ ಶ್ರದ್ಧೆ ಮತ್ತು ಪ್ರಾಮಾಣಿಕತೆಯಿಂದ, ಮೇಲಧಿಕಾರಿಗಳ ಮೆಚ್ಚುಗೆಗೆ ಪಾತ್ರವಾಗುವಂತೆ ನಿರ್ವಹಿಸಿರುತ್ತೇನೆ.’ ಬರೆದವರು ನಿಜವಾಗಿಯೂ ದುಡಿದಿರಬಹುದು. ಆದರೆ ಈ ವಾಕ್ಯ ಅವರ ನೆರವಿಗೆ ಬರುವುದಿಲ್ಲ.

ಅದಕ್ಕೆ ಕಾರಣ ನಮೂನೆಯ ರಚನೆಯಲ್ಲೇ ಇದೆ. ಮುಂದಿನ ಭಾಗದಲ್ಲಿ ವರದಿ ಬರೆಯುವ ಅಧಿಕಾರಿಗೆ ಕೇಳುವ ಪ್ರಶ್ನೆ ಇದು: ನೌಕರನ ಹೇಳಿಕೆಯನ್ನು ಒಪ್ಪುತ್ತೀರಾ? ಒಪ್ಪದಿದ್ದರೆ ಎಷ್ಟರಮಟ್ಟಿಗೆ, ಯಾವ ಕಾರಣಕ್ಕೆ? ‘ಅತ್ಯಂತ ಶ್ರದ್ಧೆ’ ಎಂಬ ಮಾತನ್ನು ಅಧಿಕಾರಿ ಒಪ್ಪಿದರೂ ನೌಕರನಿಗೆ ಏನೂ ದಕ್ಕುವುದಿಲ್ಲ. ‘84 ಜನರಲ್ಲಿ 69 ಜನ’ ಎಂದು ಬರೆದಾಗ ಹಾಗಲ್ಲ. ಅಧಿಕಾರಿ ಅದನ್ನು ಒಪ್ಪಬೇಕು, ಇಲ್ಲವೇ ಲೆಕ್ಕ ಎಲ್ಲಿ ತಪ್ಪಿದೆ ಎಂದು ಬರೆಯಬೇಕು. ಇನ್ನೊಂದು ವಿಷಯವೂ ಇದೆ. ವ್ಯಕ್ತಿಯ ಗುಣಗಳಿಗೆ ಅದೇ ನಮೂನೆಯಲ್ಲಿ ಬೇರೆ ಭಾಗವಿದ್ದು, ಅದಕ್ಕೆ ಶೇ 30ರ ತೂಕ ಇದೆ. ಅಲ್ಲಿ ಅಂಕ ಕೊಡುವವರು ಅಧಿಕಾರಿ. ಶೇ 40ರ ತೂಕವಿರುವ ಕೆಲಸದ ಫಲಿತಾಂಶದ ಬಗ್ಗೆ ನೌಕರ ಮಾತನಾಡಬಹುದಾದ ಜಾಗ ಸ್ವಮೌಲ್ಯಮಾಪನ. ಅದನ್ನು ವಿಶೇಷಣಗಳಿಂದ ತುಂಬಿಸಿದರೆ ಸ್ವಂತ ಮಾತಿಗೆ ಇದ್ದ ಜಾಗ ಹೋದಂತೆಯೇ.

ಒಂದು ಕಲ್ಪಿತ ಉದಾಹರಣೆಯಿಂದ ಇದನ್ನು ಬಿಡಿಸಿ ನೋಡಬಹುದು. ಬೆಂಗಳೂರಿನ ಒಂದು ಕೇಂದ್ರ ಸರ್ಕಾರಿ ಕಚೇರಿ. ನಿವೃತ್ತರಾಗುವವರ ಪಿಂಚಣಿ ಕಾಗದಪತ್ರ ಸಿದ್ಧಪಡಿಸುವ ಶಾಖೆಯ ಹೊಣೆ ಒಬ್ಬ ಮಹಿಳಾ ಅಧಿಕಾರಿಯದು. ಕಾಗದಪತ್ರಗಳು ನಿವೃತ್ತಿಗೆ ನಾಲ್ಕು ತಿಂಗಳು ಮೊದಲೇ ಲೆಕ್ಕಪತ್ರ ಕಚೇರಿ ಸೇರಬೇಕು. ಅಲ್ಲಿ ಪಿಪಿಒ, ಅಂದರೆ ಪಿಂಚಣಿ ಪಾವತಿ ಆದೇಶ ಹೊರಡುತ್ತದೆ. ಅವರ ಮೊದಲ ಕರಡು ಹೀಗಿತ್ತು: ‘ಪಿಂಚಣಿ ಪ್ರಕರಣಗಳ ಶೀಘ್ರ ವಿಲೇವಾರಿಗೆ ಅವಿರತ ಶ್ರಮಿಸಿದ್ದೇನೆ. ರಜಾದಿನಗಳಲ್ಲೂ ಕಚೇರಿಗೆ ಬಂದಿದ್ದೇನೆ. ವರ್ಷದಲ್ಲಿ 400ಕ್ಕೂ ಹೆಚ್ಚು ಪತ್ರ ವ್ಯವಹಾರ ನಡೆಸಿದ್ದೇನೆ.’

ಮೂರನೆಯ ವಾಕ್ಯದಲ್ಲಿ ಅಂಕಿ ಇದ್ದರೂ ಅದು ಫಲಿತಾಂಶವಲ್ಲ. ಪತ್ರಗಳು ಹೆಚ್ಚಾದದ್ದು ಕಾಗದ ಪದೇ ಪದೇ ವಾಪಸು ಬಂದ ಕಾರಣಕ್ಕೂ ಇರಬಹುದು. ಎಣಿಸಲು ಸುಲಭವಾದದ್ದನ್ನೇ ಎಣಿಸಿಬಿಡುವುದು ಸಾಮಾನ್ಯ ತಪ್ಪು. ಈ ಶಾಖೆಯಿಂದ ನಿವೃತ್ತನಿಗೆ ಬೇಕಾದದ್ದು ಒಂದೇ: ಸೇವೆಯ ಕೊನೆಯ ದಿನ ಪಿಪಿಒ ಕೈಯಲ್ಲಿರಬೇಕು. ಹಾಗಾದರೆ ಎಣಿಸಬೇಕಾದದ್ದೂ ಅದನ್ನೇ.

ಅವರು ಮತ್ತೆ ಬರೆದರು: ‘ಈ ವರ್ಷ ನಿವೃತ್ತರಾದ 84 ಜನರಲ್ಲಿ 69 ಜನರಿಗೆ ಅದೇ ದಿನ ಪಿಪಿಒ ದೊರೆತಿದೆ. ಹಿಂದಿನ ವರ್ಷ 75 ಜನರಲ್ಲಿ 41 ಜನರಿಗೆ ದೊರೆತಿತ್ತು. ಲೆಕ್ಕಪತ್ರ ಕಚೇರಿ ಆಕ್ಷೇಪಣೆ ಹಾಕಿ ವಾಪಸು ಕಳಿಸಿದ ಪ್ರಕರಣಗಳು 29ರಿಂದ 11ಕ್ಕೆ ಇಳಿದಿವೆ. ನಿವೃತ್ತಿಗೆ ಹನ್ನೆರಡು ತಿಂಗಳು ಇರುವಾಗಲೇ ಸೇವಾ ಪುಸ್ತಕದಲ್ಲಿ ಪರಿಶೀಲನೆಯಾಗದ ಅವಧಿಗಳನ್ನು ಪಟ್ಟಿ ಮಾಡಿ ಹಳೆಯ ಕಚೇರಿಗಳಿಗೆ ಬರೆಯುವ ಕ್ರಮವನ್ನು ಏಪ್ರಿಲ್‌ನಲ್ಲಿ ಆರಂಭಿಸಿದೆ. ಸೆಪ್ಟೆಂಬರಿನಿಂದ ಶಾಖೆಗೆ ಒಬ್ಬ ಹೆಚ್ಚುವರಿ ಸಹಾಯಕರೂ ಬಂದಿದ್ದಾರೆ. ಆಧಾರ: ಭವಿಷ್ಯ ತಂತ್ರಾಂಶದ ದಿನಾಂಕಗಳು, ಶಾಖೆಯ ಆಕ್ಷೇಪಣೆ ವಹಿ.’

ಹಿಂದಿನ ವರ್ಷದ ಲೆಕ್ಕ ಪಕ್ಕದಲ್ಲಿ ಇಲ್ಲದೆ 69 ಎಂಬುದು ಒಳ್ಳೆಯದೋ ಕೆಟ್ಟದ್ದೋ ಓದುವವರಿಗೆ ಗೊತ್ತಾಗುವುದಿಲ್ಲ. ಆಕ್ಷೇಪಣೆಯ ಲೆಕ್ಕವೂ ಅಷ್ಟೇ ಮುಖ್ಯ. ಅರೆಬರೆ ಕಾಗದಗಳನ್ನು ಬೇಗ ಸಾಗಹಾಕಿ ‘ನಮ್ಮಲ್ಲಿ ಬಾಕಿ ಇಲ್ಲ’ ಎಂದು ತೋರಿಸುವವರಿದ್ದಾರೆ, ಅಂಥ ಶಾಖೆಯಲ್ಲಿ ಬಾಕಿ ಇಳಿದಷ್ಟೇ ವೇಗದಲ್ಲಿ ಆಕ್ಷೇಪಣೆ ಏರಿರುತ್ತದೆ. ಹೆಚ್ಚುವರಿ ಸಹಾಯಕರ ಮಾತನ್ನು ಬಿಟ್ಟುಬಿಡಬೇಕೆಂದು ಯಾರಿಗಾದರೂ ಅನಿಸೀತು. ಬಿಟ್ಟಿದ್ದರೆ ಅದು ಮೇಲಧಿಕಾರಿಗೆ ಮೊದಲು ನೆನಪಾಗುತ್ತಿತ್ತು, ಉಳಿದ ಲೆಕ್ಕದ ಮೇಲೂ ಅನುಮಾನ ಹುಟ್ಟುತ್ತಿತ್ತು. ಶೇಕಡಾವಾರು ಬರೆಯುವವರು ಮೂಲ ಸಂಖ್ಯೆಯನ್ನೂ ಕೊಡಬೇಕು. ನಾಲ್ಕು ದೂರುಗಳು ಎರಡಾದರೂ ‘ಶೇ 50 ಇಳಿಕೆ’ಯೇ.

ಬರೆಯಲು ಹೆಚ್ಚು ಕಷ್ಟವಾಗುವುದು ಉಳಿದ 15 ಜನರ ಬಗ್ಗೆ. ಕೊರತೆಯ ಅಂಕಣದಲ್ಲಿ ‘ಇಲ್ಲ’ ಎಂದೋ ‘ಸಿಬ್ಬಂದಿ ಕೊರತೆ’ ಎಂದೋ ಬರೆದು ಮುಗಿಸುವುದು ರೂಢಿ. ಈ ಅಧಿಕಾರಿ ಹದಿನೈದನ್ನೂ ಬಿಡಿಸಿ ಬರೆದರು. ಒಂಬತ್ತು ಪ್ರಕರಣಗಳಲ್ಲಿ ಹಿಂದೆ ದುಡಿದ ಕಚೇರಿಯಿಂದ ಸೇವಾ ದೃಢೀಕರಣ ಬಂದಿರಲಿಲ್ಲ. ನೆನಪೋಲೆ ಕಳಿಸಿದ ದಿನಾಂಕಗಳನ್ನು ಅಲ್ಲೇ ಕೊಟ್ಟರು. ನಾಲ್ವರ ಮೇಲೆ ಇಲಾಖಾ ವಿಚಾರಣೆ ಬಾಕಿ ಇದ್ದು, ತಾತ್ಕಾಲಿಕ ಪಿಂಚಣಿ ಮಂಜೂರಾಗಿತ್ತು. ಇನ್ನೆರಡು ಪ್ರಕರಣಗಳ ಕಾಗದ ಶಾಖೆಯಿಂದಲೇ ತಡವಾಗಿ ಹೊರಟಿತ್ತು, ಅದನ್ನೂ ಹಾಗೆಯೇ ಬರೆದರು. ಆ ಎರಡನ್ನು ಒಪ್ಪಿಕೊಂಡ ಬಳಿಕ ಉಳಿದ ಹದಿಮೂರರ ವಿವರಣೆ ನೆಪದಂತೆ ಕೇಳಿಸುವುದಿಲ್ಲ. ನಿವೃತ್ತರ ಹೆಸರುಗಳು ಮಾತ್ರ ಎಲ್ಲೂ ಇಲ್ಲ, ಕಡತ ಸಂಖ್ಯೆ ಸಾಕು.

ಇದೆಲ್ಲ ಏಪ್ರಿಲ್ ಎರಡನೇ ವಾರದಲ್ಲಿ ಕೂತು ನೆನಪಿಸಿಕೊಳ್ಳುವ ಕೆಲಸವಲ್ಲ. ಸರ್ಕಾರಿ ನೌಕರರು ನಿವೃತ್ತರಾಗುವುದು ತಿಂಗಳ ಕೊನೆಯ ದಿನ. ಹಾಗಾಗಿ ಈ ಶಾಖೆಯಲ್ಲಿ ಪ್ರತಿ ತಿಂಗಳು ಒಂದು ಸಾಲು ಬರೆದಿಟ್ಟರೆ ಸಾಕು: ಎಷ್ಟು ಜನ, ಎಷ್ಟು ಪಿಪಿಒ, ಎಷ್ಟು ಆಕ್ಷೇಪಣೆ, ತಡವಾಗಿದ್ದರೆ ಕಾರಣ. ಮಾರ್ಚ್ ಮುಗಿಯುವಾಗ ಹನ್ನೆರಡು ಸಾಲುಗಳಿರುತ್ತವೆ.

ಎಲ್ಲ ಕೆಲಸಕ್ಕೂ ಹೀಗೆ ಸಂಖ್ಯೆ ಸಿಗುವುದಿಲ್ಲ. ನೀತಿ ಟಿಪ್ಪಣಿ ಬರೆಯುವವರು ಟಿಪ್ಪಣಿಗಳನ್ನು ಎಣಿಸಿ ಪ್ರಯೋಜನವಿಲ್ಲ. ಯಾವ ಟಿಪ್ಪಣಿಯ ಮೇಲೆ ಯಾವ ನಿರ್ಧಾರ, ಯಾವ ದಿನಾಂಕದಂದು ಆಯಿತು ಎಂಬುದೇ ಅವರ ಪುರಾವೆ. ಅಂಕ ಕೊಡುವ ಅಧಿಕಾರವಂತೂ ಹೇಗೆ ಬರೆದರೂ ಮೇಲಿನವರ ಕೈಯಲ್ಲೇ ಇರುತ್ತದೆ.

ಆದರೆ ಅಂಕ ಬಿದ್ದ ಮೇಲೆ ಪೂರ್ತಿ ವರದಿ ನೌಕರನ ಕೈಗೆ ಬರುತ್ತದೆ. ಒಪ್ಪಿಗೆಯಾಗದಿದ್ದರೆ 15 ದಿನಗಳೊಳಗೆ ಮನವಿ ಸಲ್ಲಿಸಬಹುದು. ಹಗಲಿರುಳು ದುಡಿದೆ ಎಂದು ಬರೆದವರಿಗೆ ಆಗ ಮತ್ತೊಮ್ಮೆ ಅದನ್ನೇ ಹೇಳುವುದು ಬಿಟ್ಟರೆ ಬೇರೆ ದಾರಿಯಿಲ್ಲ. ಪಿಂಚಣಿ ಶಾಖೆಯ ಅಧಿಕಾರಿಗಾದರೆ 41 ಹೇಗೆ 69 ಆಯಿತೆಂಬ ಲೆಕ್ಕ ವರದಿಯಲ್ಲೇ ಇದೆ. ಕೆಲವು ವರ್ಷಗಳ ಬಳಿಕ ಬಡ್ತಿ ಸಮಿತಿ ಆ ಹಾಳೆ ತೆರೆದಾಗಲೂ, ಅವರನ್ನು ಎಂದೂ ಕಾಣದ ಸದಸ್ಯರಿಗೆ ಅದು ಓದಲು ಸಿಗುತ್ತದೆ.