ಕಟಕಟೆಯಲ್ಲಿ ‘ನಾನೇ ಕೊಂದೆ’ ಅಂದರೆ ಕೇಸ್ ಮುಗಿಯುತ್ತಾ?

ಸಿನಿಮಾ ಕೋರ್ಟಿನ ಕ್ಲೈಮ್ಯಾಕ್ಸ್ ನಮಗೆಲ್ಲ ಬಾಯಿಪಾಠ. ನಾಯಕ ವಕೀಲ ಕಟಕಟೆಯ ಹತ್ತಿರ ಬಂದು ಪ್ರಶ್ನೆಯ ಮೇಲೆ ಪ್ರಶ್ನೆ ಎಸೆಯುತ್ತಾನೆ. ಸಾಕ್ಷಿ ಬೆವರುತ್ತಾನೆ, ತೊದಲುತ್ತಾನೆ, ಕೊನೆಗೆ ‘ಹೌದು, ನಾನೇ ಕೊಂದೆ’ ಎಂದು ಕಿರುಚುತ್ತಾನೆ. ನ್ಯಾಯಾಧೀಶರು ಸುತ್ತಿಗೆ ಕುಟ್ಟುತ್ತಾರೆ (ನಮ್ಮ ಕೋರ್ಟುಗಳಲ್ಲಿ ಸುತ್ತಿಗೆ ಬಳಸುವುದೇ ಇಲ್ಲ, ಅದು ಬೇರೆ ಮಾತು). ನಿರಪರಾಧಿ ಅಲ್ಲೇ ಬಿಡುಗಡೆ. ಅಮೆರಿಕದಲ್ಲಿ 1957ರಿಂದ 1966ರವರೆಗೆ ಬಂದ ‘ಪೆರ್ರಿ ಮೇಸನ್’ ಟಿವಿ ಸರಣಿ ಹೆಸರು ಮಾಡಿದ್ದೇ ಇಂಥ ದೃಶ್ಯದಿಂದ.

ಇದೇ ದೃಶ್ಯ ನಮ್ಮ ಸೆಷನ್ಸ್ ಕೋರ್ಟಿನಲ್ಲಿ ನಡೆದರೆ ಏನಾಗುತ್ತದೆ? ಒಂದು ಕಥೆ ಕಟ್ಟೋಣ. ಅಂಗಡಿ ಮಾಲೀಕನ ಕೊಲೆಯಾಗಿದೆ. ಕೆಲಸದ ಹುಡುಗ ಆರೋಪಿ. ನಿಜವಾಗಿ ಕೊಂದವನು ಮಾಲೀಕನ ಪಾಲುದಾರ.

ಸಿನಿಮಾದ ಸರ್ಕಾರಿ ವಕೀಲ ಮೊದಲು ಹುಡುಗನನ್ನೇ ಕಟಕಟೆಗೆ ಎಳೆದು ಜಾಲಾಡುತ್ತಾನೆ. ನಿಜವಾದ ಕೋರ್ಟಿನಲ್ಲಿ ಆತ ಹಾಗೆ ಮಾಡುವಂತಿಲ್ಲ. ತನ್ನ ವಿರುದ್ಧವೇ ಸಾಕ್ಷಿ ಹೇಳುವಂತೆ ಆರೋಪಿಯನ್ನು ಬಲವಂತ ಮಾಡಬಾರದು ಎಂದು ಸಂವಿಧಾನದ 20(3)ನೇ ವಿಧಿಯೇ ಹೇಳುತ್ತದೆ. ಸರ್ಕಾರದ ಕಡೆಯ ಸಾಕ್ಷ್ಯ ಮುಗಿದ ಮೇಲೆ ಆರೋಪಿಯನ್ನು ಪ್ರಶ್ನಿಸುವವರು ನ್ಯಾಯಾಧೀಶರು. ಹಳೆಯ ಸಿಆರ್‌ಪಿಸಿಯಲ್ಲಿ ಇದು 313ನೇ ಸೆಕ್ಷನ್ ಆಗಿತ್ತು, 2024ರ ಜುಲೈ 1ರಿಂದ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 351. ಆಗ ಹುಡುಗನಿಗೆ ಪ್ರಮಾಣ ವಚನವೂ ಇಲ್ಲ, ಉತ್ತರ ಕೊಡಲಿಲ್ಲವೆಂದು ಶಿಕ್ಷೆಯೂ ಇಲ್ಲ. ತಾನಾಗಿ ಸಾಕ್ಷಿ ಹೇಳುತ್ತೇನೆ ಎಂದು ಲಿಖಿತವಾಗಿ ಕೇಳಿಕೊಂಡರೆ ಮಾತ್ರ ಅವನು ಕಟಕಟೆ ಹತ್ತಬಹುದು. ಹತ್ತಿದರೆ ಪಾಟೀಸವಾಲನ್ನೂ ಎದುರಿಸಬೇಕು. ಹಾಗಾಗಿ ಹೆಚ್ಚಿನ ವಕೀಲರು ಆ ಸಾಹಸಕ್ಕೆ ಬಿಡುವುದಿಲ್ಲ.

ಈಗ ಪಾಲುದಾರ. ಅವನು ಸರ್ಕಾರದ ಕಡೆಯ ಸಾಕ್ಷಿ. ದೋಷಾರೋಪ ಪಟ್ಟಿಯಲ್ಲಿ ಅವನ ಹೆಸರಿದೆ, ಪೊಲೀಸರಿಗೆ ಕೊಟ್ಟ ಹೇಳಿಕೆಯ ಪ್ರತಿ ವಿಚಾರಣೆಗೆ ಮೊದಲೇ ಹುಡುಗನ ಕಡೆಗೆ ಸಿಕ್ಕಿದೆ. ಪಾಟೀಸವಾಲು ಶುರುವಾಗುತ್ತದೆ. ಸಿನಿಮಾದ ಬಿರುಸು ಇಲ್ಲಿ ಸಿಗುವುದಿಲ್ಲ, ಏಕೆಂದರೆ ಪ್ರತಿ ಉತ್ತರವೂ ದಾಖಲಾಗಬೇಕು. ವಕೀಲರು ಕೇಳುತ್ತಾರೆ, ಸಾಕ್ಷಿ ಹೇಳುತ್ತಾನೆ, ನ್ಯಾಯಾಧೀಶರು ಅದನ್ನು ವಾಕ್ಯ ಮಾಡಿ ಬರೆಸುತ್ತಾರೆ, ಟೈಪ್ ಆಗುವವರೆಗೆ ಎಲ್ಲರೂ ಕಾಯುತ್ತಾರೆ. ‘ಆ ರಾತ್ರಿ ನೀವು ಅಂಗಡಿಗೆ ಹೋಗಿದ್ದಿರಿ ಅಲ್ವಾ?’, ‘ಇಲ್ಲ ಸ್ವಾಮಿ’ ಎಂಬ ಸಂಭಾಷಣೆ ಕಾಗದಕ್ಕೆ ಇಳಿಯುವುದು ‘ಆ ರಾತ್ರಿ ನಾನು ಅಂಗಡಿಗೆ ಹೋಗಿದ್ದೆ ಎಂದರೆ ಸರಿಯಲ್ಲ’ ಎಂದು. ಚೈತನ್ಯ ತಮ್ಹಾಣೆ ಅವರ ಮರಾಠಿ ಚಿತ್ರ ‘ಕೋರ್ಟ್’ (2014) ಈ ನಿಧಾನಗತಿಯನ್ನು ಹಾಗೇ ತೋರಿಸಿದೆ. ಬೆವರುತ್ತಿರುವ ಸಾಕ್ಷಿಗೆ ಪ್ರತಿ ಪ್ರಶ್ನೆಯ ನಂತರವೂ ಯೋಚಿಸಲು ಸಮಯ ಸಿಕ್ಕಿಬಿಡುತ್ತದೆ.

ಆದರೂ ಪಾಲುದಾರ ಬಾಯಿಬಿಟ್ಟ ಎಂದಿಟ್ಟುಕೊಳ್ಳೋಣ. ನನಗೆ ಅತ್ಯಂತ ಅಚ್ಚರಿ ತಂದದ್ದು ಇಲ್ಲಿಂದ ಮುಂದಿನದು. ಉತ್ತರಿಸಿದರೆ ತಾನೇ ಸಿಕ್ಕಿಬೀಳುತ್ತೇನೆ ಎಂಬ ಕಾರಣಕ್ಕೆ ಸಾಕ್ಷಿ ಸುಮ್ಮನಿರುವಂತಿಲ್ಲ, ಪ್ರಕರಣಕ್ಕೆ ಸಂಬಂಧಪಟ್ಟ ಪ್ರಶ್ನೆಗೆ ಉತ್ತರಿಸಲೇಬೇಕು. ಆದರೆ ಅವನು ಆಕ್ಷೇಪಿಸಿದ ಮೇಲೂ ಕೋರ್ಟು ಬಲವಂತವಾಗಿ ಹೇಳಿಸಿದರೆ, ಆ ಉತ್ತರವನ್ನೇ ಅವನ ವಿರುದ್ಧದ ಕೊಲೆ ಕೇಸಿನಲ್ಲಿ ಬಳಸುವ ಹಾಗಿಲ್ಲ. ಸುಳ್ಳು ಸಾಕ್ಷಿ ಹೇಳಿದ ಮೊಕದ್ದಮೆಗೆ ಮಾತ್ರ ಬಳಸಬಹುದು. 1872ರ ಸಾಕ್ಷ್ಯ ಅಧಿನಿಯಮದಲ್ಲಿದ್ದ ಈ ರಕ್ಷಣೆ ಹೊಸ ಕಾನೂನಿನಲ್ಲೂ ಉಳಿದಿದೆ. ಅಂದರೆ ನಾಯಕ ವಕೀಲ ಅಬ್ಬರಿಸಿ ಪಡೆದ ಆ ಒಂದು ಸಾಲು, ಸಾಕ್ಷಿಗೆ ಒಳ್ಳೆಯ ವಕೀಲನಿದ್ದರೆ, ಕೈಗೆ ಸಿಗದೇ ಹೋಗಬಹುದು.

ಆಕ್ಷೇಪವಿಲ್ಲದೆ ತಾನಾಗಿಯೇ ಹೇಳಿದನೋ? ಆಗ ಕೋರ್ಟಿಗೆ ಹಳೆಯ 319ನೇ, ಈಗಿನ 358ನೇ ಸೆಕ್ಷನ್ ಇದೆ. ಸಾಕ್ಷ್ಯ ಬಲವಾಗಿದ್ದರೆ ಪಾಲುದಾರನನ್ನೂ ಆರೋಪಿಯಾಗಿ ಸೇರಿಸಬಹುದು, ಎದುರಿಗಿದ್ದಾನೆಂದರೆ ಅಲ್ಲೇ ತಡೆದಿರಿಸಲೂಬಹುದು. ಅಷ್ಟರಮಟ್ಟಿಗೆ ಸಿನಿಮಾ ಸುಳ್ಳಲ್ಲ. ಆದರೆ ಅವನ ಮಟ್ಟಿಗೆ ವಿಚಾರಣೆ ಮೊದಲಿನಿಂದ ಶುರುವಾಗಬೇಕು. ಆ ದಿನದವರೆಗಿನ ಸಾಕ್ಷಿಗಳು ಅವನ ವಕೀಲರ ಎದುರು ಮತ್ತೆ ಬಂದು ನುಡಿಯಬೇಕು.

ಹುಡುಗನ ಕಥೆ? ಅವನೂ ಆ ಕ್ಷಣದಲ್ಲಿ ಮನೆಗೆ ಹೋಗುವುದಿಲ್ಲ. ಜಾಮೀನು ಕೇಳಲು ಈಗ ಗಟ್ಟಿ ಕಾರಣ ಸಿಕ್ಕಿದೆ ನಿಜ. ಆದರೆ ಖುಲಾಸೆ ಆಗಬೇಕಾದರೆ ಉಳಿದ ಸಾಕ್ಷ್ಯ, ಎರಡೂ ಕಡೆಯ ವಾದ, ಕಾರಣ ಬರೆದ ತೀರ್ಪು ಎಲ್ಲವೂ ಆಗಬೇಕು. ಸಿನಿಮಾದಲ್ಲಿ ಅವನ ತಾಯಿ ಓಡಿಬಂದು ಮಗನನ್ನು ತಬ್ಬಿಕೊಳ್ಳುವ ಹೊತ್ತಿಗೆ, ಇಲ್ಲಿ ಒಂದನೇ ಸಾಕ್ಷಿಗೆ ಎರಡನೇ ಬಾರಿ ಸಮನ್ಸ್ ಟೈಪ್ ಆಗುತ್ತಿರುತ್ತದೆ.