ಪೋಟಗಿಯ ಮೊತ್ತವು ಹೇಗೆ ನಿಶ್ಚಯವಾಗುತ್ತದೆ?

ಗ್ರಂಥಗಳಲ್ಲಿ ‘ಜೀವನಾಂಶ’ವೆಂದು ಕರೆಯಲ್ಪಡುವುದನ್ನು ನಮ್ಮ ಸೊಲ್ಲಾಪುರ, ಅಕ್ಕಲಕೋಟೆಯ ಸೀಮೆಯಲ್ಲಿ ‘ಪೋಟಗಿ’ ಎನ್ನುತ್ತಾರೆ. ಹೊಟ್ಟೆಗೆಂದು ಕೊಡುವುದು ಎಂಬುದೇ ಆ ಮಾತಿನ ಮೂಲಾರ್ಥ. ಕೋರ್ಟಿನ ಮೆಟ್ಟಿಲೇರಿದ ಹೆಣ್ಣುಮಗಳಿಗೆ ಇಂತಿಷ್ಟು ಪೋಟಗಿಯಾಯಿತೆಂದು ಕೇಳಿದಾಗ, ಅದು ನ್ಯಾಯಾಧೀಶರ ಮನಸ್ಸಿಗೆ ಬಂದ ಅಂಕಿಯೆಂದೂ, ಹೆಚ್ಚು ಕೇಳಿದವರಿಗೆ ಹೆಚ್ಚು ಸಿಗುವುದೆಂದೂ ಹಲವರು ಭಾವಿಸುತ್ತಾರೆ. ಇವೆರಡೂ ಸರಿಯಲ್ಲ. ಆ ಅಂಕಿಯ ಹಿಂದೆ ಒಂದು ಲೆಕ್ಕವಿರುತ್ತದೆ. ಆ ಲೆಕ್ಕವು ಎಂತಹುದೆಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ಕಾಯಿದೆಯನ್ನು ನೋಡೋಣ. 1973ರ ದಂಡ ಪ್ರಕ್ರಿಯಾ ಸಂಹಿತೆಯ 125ನೆಯ ಕಲಮು ಬಹುಕಾಲ ಈ ವಿಷಯಕ್ಕೆ ಆಧಾರವಾಗಿತ್ತು. 2024ರ ಜುಲೈ 1ರಿಂದ ಅದರ ಸ್ಥಾನಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಮು ಬಂದಿದೆ. ತನ್ನನ್ನು ತಾನು ಪೋಷಿಸಿಕೊಳ್ಳಲಾರದ ಹೆಂಡತಿ, ಅಪ್ರಾಪ್ತ ವಯಸ್ಸಿನ ಮಕ್ಕಳು, ವೃದ್ಧ ತಂದೆತಾಯಿಗಳು, ಇವರನ್ನು ಶಕ್ತಿಯಿದ್ದೂ ಅಲಕ್ಷಿಸಿದವನಿಂದ ತಿಂಗಳಿಗೆ ಇಂತಿಷ್ಟೆಂದು ಹಣ ಕೊಡಿಸುವ ಅಧಿಕಾರವನ್ನು ಈ ಕಲಮು ನೀಡುತ್ತದೆ. ಇದು ಎಲ್ಲ ಮತದವರಿಗೂ ಒಂದೇ. ಹಿಂದಿನ ಕಲಮು ಮುಸಲ್ಮಾನ ಸ್ತ್ರೀಯರಿಗೂ ಅನ್ವಯಿಸುವುದೆಂದು ಸರ್ವೋಚ್ಚ ನ್ಯಾಯಾಲಯವು 2024ರ ಜುಲೈ 10ರಂದು ಮತ್ತೊಮ್ಮೆ ಸ್ಪಷ್ಟಪಡಿಸಿತು. ಕುಟುಂಬ ನ್ಯಾಯಾಲಯವು ಸ್ಥಾಪಿತವಾದ ಪ್ರದೇಶದಲ್ಲಿ ಅಲ್ಲಿಯೂ, ಉಳಿದೆಡೆ ಪ್ರಥಮ ವರ್ಗದ ನ್ಯಾಯದಂಡಾಧಿಕಾರಿಗಳಲ್ಲಿಯೂ ಅರ್ಜಿಯನ್ನು ಸಲ್ಲಿಸಬೇಕು. ಹೆಂಡತಿಯು ತಾನು ವಾಸಿಸುತ್ತಿರುವ ಊರಿನ ಕೋರ್ಟಿನಲ್ಲಿಯೇ ಅರ್ಜಿ ಕೊಡಬಹುದು; ಗಂಡನ ಊರಿಗೆ ಅಲೆಯಬೇಕಾಗಿಲ್ಲ. ಹೊಸ ಸಂಹಿತೆಯು ತಂದೆತಾಯಿಗಳಿಗೂ ಈ ಅನುಕೂಲವನ್ನು ಕಲ್ಪಿಸಿದೆ.

1973ರ ಕಾಯಿದೆಯು ಈ ಮೊತ್ತವು ತಿಂಗಳಿಗೆ 500 ರೂಪಾಯಿಗಳನ್ನು ಮೀರಕೂಡದೆಂದು ಮಿತಿ ಹಾಕಿತ್ತು. 2001ರಲ್ಲಿ ಸಂಸತ್ತು ಆ ಮಿತಿಯನ್ನು ತೆಗೆದುಹಾಕಿತು. ಹಾಗಾದರೆ ಈಗ ಅಳತೆಗೋಲು ಯಾವುದು? ಈ ಪ್ರಶ್ನೆಗೆ ಉತ್ತರವು ನಮ್ಮ ಮಹಾರಾಷ್ಟ್ರದ ನಾಗಪುರದ ಕುಟುಂಬ ನ್ಯಾಯಾಲಯದಲ್ಲಿ ಹುಟ್ಟಿದ ಒಂದು ಪ್ರಕರಣದಿಂದ ದೊರೆಯಿತು. ಅದು ವಕೀಲರಲ್ಲಿ ‘ರಜನೇಶ್ ವಿರುದ್ಧ ನೇಹಾ’ ಎಂದು ಪ್ರಸಿದ್ಧವಾಗಿದೆ. ಅದರಲ್ಲಿ ಸರ್ವೋಚ್ಚ ನ್ಯಾಯಾಲಯವು 2020ರ ನವೆಂಬರ್ 4ರಂದು ತೀರ್ಪಿತ್ತು, ದೇಶದ ಎಲ್ಲ ಕೋರ್ಟುಗಳಿಗೂ ಒಂದು ಪದ್ಧತಿಯನ್ನು ವಿಧಿಸಿತು. ಹೆಂಡತಿಯು ತನ್ನ ಅಗತ್ಯಗಳನ್ನು ಹಿಗ್ಗಿಸಿ ಹೇಳುವುದೂ, ಗಂಡನು ತನ್ನ ಆದಾಯವನ್ನು ಮರೆಮಾಚುವುದೂ ಸಾಮಾನ್ಯವಾಗಿದೆಯೆಂದು ಕಂಡುಕೊಂಡ ನ್ಯಾಯಾಲಯವು, ಇಬ್ಬರೂ ತಮ್ಮ ಆಸ್ತಿ, ಸಾಲ, ಆದಾಯ, ಖರ್ಚುಗಳನ್ನೆಲ್ಲ ಪ್ರತಿಜ್ಞಾಪತ್ರದ ಮೇಲೆ ಬರೆದುಕೊಡಬೇಕೆಂದು ಆಜ್ಞಾಪಿಸಿತು. ಒಕ್ಕಲುತನದವರಿಗಾಗಿ ಬೇರೆಯೇ ನಮೂನೆಯುಂಟು. ಅದರಲ್ಲಿ ಹೊಲದ ವಿಸ್ತಾರ, ಬೆಳೆ, ದನಕರುಗಳನ್ನು ನಮೂದಿಸಬೇಕು. ಹೆಂಡತಿಯ ಪ್ರತಿಜ್ಞಾಪತ್ರ ಬಂದ ಮೇಲೆ ಗಂಡನು ಹೆಚ್ಚೆಂದರೆ ನಾಲ್ಕು ವಾರಗಳಲ್ಲಿ ತನ್ನದನ್ನು ಸಲ್ಲಿಸಬೇಕು. ಸುಳ್ಳು ಬರೆದವನು ಶಿಕ್ಷೆಗೆ ಗುರಿಯಾಗಬಹುದು.

ಇನ್ನು ಈ ಲೆಕ್ಕವು ನಡೆಯುವ ಬಗೆಯನ್ನು ಒಂದು ಕಲ್ಪಿತ ಕುಟುಂಬದ ದೃಷ್ಟಾಂತದಿಂದ ತಿಳಿಯೋಣ. ಗಂಡನು ಸೊಲ್ಲಾಪುರದ ಒಂದು ಟಾವೆಲ್ ಕಾರಖಾನೆಯಲ್ಲಿ ನೌಕರನಾಗಿದ್ದು ತನ್ನ ವೃದ್ಧ ತಾಯಿಯೊಡನೆ ಬಾಡಿಗೆಯ ಮನೆಯಲ್ಲಿದ್ದಾನೆ. ಅವನ ಹೊಡೆತವನ್ನು ತಾಳಲಾರದೆ ಹೆಂಡತಿಯು ಅಕ್ಕಲಕೋಟೆ ತಾಲೂಕಿನ ತವರೂರಿಗೆ ಬಂದಿದ್ದಾಳೆ. ಎಂಟನೆಯ ಇಯತ್ತೆಯ ಮಗಳೂ ಐದು ವರ್ಷದ ಮಗನೂ ಅವಳೊಡನಿದ್ದಾರೆ. ಬೀಡಿ ಕಟ್ಟಿ ತಿಂಗಳಿಗೆ 3,000 ರೂಪಾಯಿ ಗಳಿಸುತ್ತಾಳೆ. ಅವಳು ಜೂನ್ 1ರಂದು ಅರ್ಜಿ ಕೊಟ್ಟು 20,000 ರೂಪಾಯಿಗಳನ್ನು ಬೇಡಿದಳು. ಗಂಡನಾದರೋ ತನ್ನ ಸಂಬಳವೇ 12,000 ರೂಪಾಯಿಯೆಂದು ಬರೆದುಕೊಟ್ಟನು.

ನ್ಯಾಯಾಧೀಶರು ಆ ಪ್ರತಿಜ್ಞಾಪತ್ರದ ಖರ್ಚಿನ ಪುಟವನ್ನು ತೆರೆದರು. ಮನೆಬಾಡಿಗೆ 4,500, ಮೋಟಾರ್ ಸೈಕಲ್ಲಿನ ಕಂತು 3,200, ಭಿಶಿಗೆ 2,000, ಹೀಗೆ 9,700 ರೂಪಾಯಿಗಳನ್ನು ಆತನೇ ತೋರಿಸಿದ್ದನು. 12,000ದಲ್ಲಿ ಇಷ್ಟು ಹೋದರೆ ಉಳಿಯುವುದು 2,300. ಅಷ್ಟರಲ್ಲಿ ತಾನೂ ತಾಯಿಯೂ ತಿಂಗಳೆಲ್ಲ ಉಣ್ಣುವುದೆಂತು? ಅಡಗಿಸಿದ ಆದಾಯವನ್ನು ಗುರುತಿಸುವ ಸುಲಭವಾದ ಮಾರ್ಗವಿದು: ಬಾಯಿ ಹೇಳಿದ ಗಳಿಕೆಗೂ ಕೈ ಮಾಡಿದ ಖರ್ಚಿಗೂ ಹೊಂದಿಕೆಯಿರುವುದಿಲ್ಲ. ಹೆಂಡತಿಯ ಕೋರಿಕೆಯಂತೆ ಕೋರ್ಟು ಕಾರಖಾನೆಯಿಂದ ಸಂಬಳದ ಪಟ್ಟಿಯನ್ನು ತರಿಸಿತು. ಸಂಬಳವು 23,000 ರೂಪಾಯಿ ಇತ್ತು. ತಲಾಠಿಯಿಂದ ಪಡೆದ ಸಾತಬಾರಾ ಉತಾರೆಯಲ್ಲಿ ಅಣ್ಣನೊಡನೆ ಅವನ ಹೆಸರೂ ಇದ್ದಿತು. ಖರ್ಚು ಕಳೆದು ಹೊಲದಿಂದ ಅವನ ಪಾಲಿಗೆ ವರ್ಷಕ್ಕೆ 36,000, ಎಂದರೆ ತಿಂಗಳಿಗೆ 3,000 ಬರುತ್ತಿತ್ತು. ಒಟ್ಟು ಆದಾಯ 26,000 ಆಯಿತು.

ಇದರಿಂದ ಏನನ್ನು ಕಳೆಯಬೇಕು? ಸಂಬಳದಿಂದ ಕಡ್ಡಾಯವಾಗಿ ಕಡಿತವಾಗುವ ಪ್ರಾವಿಡೆಂಟ್ ಫಂಡು 1,800 ಮತ್ತು ವೃತ್ತಿಕರ 200, ಕೂಡಿ 2,000 ರೂಪಾಯಿ ಕಳೆಯಿತು, ಉಳಿದದ್ದು 24,000. ಭಿಶಿಯನ್ನೂ ಮೋಟಾರ್ ಸೈಕಲ್ಲಿನ ಕಂತನ್ನೂ ಕಳೆಯಬೇಕೆಂಬ ಬೇಡಿಕೆಯನ್ನು ಕೋರ್ಟು ಒಪ್ಪಲಿಲ್ಲ. ಸ್ವೇಚ್ಛೆಯಿಂದ ಕೂಡಿಹಾಕುವ ಹಣವೂ ಮಾಡಿಕೊಂಡ ಸಾಲವೂ ಹೆಂಡತಿ ಮಕ್ಕಳ ಅನ್ನಕ್ಕಿಂತ ಮುಂದಿನವಾಗಲಾರವೆಂಬುದು ಕೋರ್ಟುಗಳ ಸಾಮಾನ್ಯ ನಿಲುವು. ಆದರೆ ತಾಯಿಯನ್ನು ಸಾಕುವ ಭಾರವು ನಿಜವಾದುದರಿಂದ ಅದನ್ನು ಲೆಕ್ಕಕ್ಕೆ ಹಿಡಿಯಲಾಯಿತು.

ಇನ್ನು ಹಂಚಿಕೆ. ಇದಕ್ಕೆ ಕಾಯಿದೆಯಲ್ಲಿ ಒಂದೇ ಸೂತ್ರವಿಲ್ಲ. ದಿಲ್ಲಿಯ ಉಚ್ಚ ನ್ಯಾಯಾಲಯವು 2004ರಲ್ಲಿ ಒಂದು ಕ್ರಮವನ್ನು ತೋರಿಸಿತು. ಕುಟುಂಬದ ಆದಾಯವನ್ನೆಲ್ಲ ಒಂದುಗೂಡಿಸಿ, ದುಡಿಯಲು ಹೊರಗೆ ಹೋಗುವವನಿಗೆ ಎರಡು ಪಾಲು, ಉಳಿದವರಿಗೆ ಒಂದೊಂದು ಪಾಲು ಇಡುವುದೇ ಆ ಕ್ರಮ. ನಮ್ಮ ದೃಷ್ಟಾಂತದಲ್ಲಿ 24,000ಕ್ಕೆ ಹೆಂಡತಿಯ 3,000 ಸೇರಿ 27,000 ಆಗುವುದು. ಗಂಡನಿಗೆ ಎರಡು, ತಾಯಿ, ಹೆಂಡತಿ, ಇಬ್ಬರು ಮಕ್ಕಳಿಗೆ ಒಂದೊಂದು, ಹೀಗೆ ಆರು ಪಾಲು, ಪಾಲಿಗೆ 4,500. ಹೆಂಡತಿ ಮಕ್ಕಳ ಮೂರು ಪಾಲು 13,500. ಅದರಲ್ಲಿ 3,000 ಅವಳ ಕೈಯಲ್ಲಿಯೇ ಇರುವುದರಿಂದ ಗಂಡನು ಕೊಡತಕ್ಕದ್ದು 10,500.

ಈ ಅಂಕಿಯನ್ನು ಹೆಂಡತಿಯ ಖರ್ಚಿನ ಯಾದಿಯೊಡನೆ ಹೋಲಿಸಿ ನೋಡುವುದುಂಟು. ಕಿರಾಣಿ, ಹಾಲು 6,000, ಶಾಲೆ, ಪುಸ್ತಕ, ಬಸ್ಸು 2,500, ಔಷಧ 1,500, ಬಟ್ಟೆ 1,000, ದೀಪದ ಪಾಲು 500, ಇತರ 2,500. ಒಟ್ಟು 14,000. ಅವಳ ಗಳಿಕೆಯೂ ಪೋಟಗಿಯೂ ಸೇರಿದರೆ ಇದಕ್ಕೆ ಸಮೀಪವಾಗುವುದು. ಅವಳು ಕೇಳಿದ 20,000ಕ್ಕೆ ಆಧಾರವಿರಲಿಲ್ಲ. ಅವನು ಹೇಳಿದ ಬಡತನಕ್ಕೂ ಆಧಾರವಿರಲಿಲ್ಲ. ಹೆಂಡತಿಗೆ 3,000, ಮಗಳಿಗೆ 4,000, ಮಗನಿಗೆ 3,500 ಎಂದು ಆಜ್ಞೆಯಾಯಿತು. ಅವಳು ಬೀಡಿ ಕಟ್ಟುತ್ತಾಳೆಂಬ ಕಾರಣದಿಂದ ಪೋಟಗಿ ತಪ್ಪಲಿಲ್ಲವೆಂಬುದನ್ನು ಗಮನಿಸಬೇಕು. ಅಲ್ಪ ಗಳಿಕೆಯು ಮೊತ್ತವನ್ನು ಇಳಿಸಬಹುದೇ ಹೊರತು ಹಕ್ಕನ್ನು ಅಳಿಸಲಾರದು. ಹಾಗೆಯೇ ಗಂಡನು ನೌಕರಿ ಬಿಟ್ಟೆನೆಂದರೆ ಬಿಡುಗಡೆಯಿಲ್ಲ. ಗಟ್ಟಿಮುಟ್ಟಾದ ಶರೀರವುಳ್ಳವನು ದುಡಿಯಬಲ್ಲನೆಂದೇ ಕೋರ್ಟು ಭಾವಿಸುತ್ತದೆ. ಆದರೆ ಯೋಗ್ಯ ಕಾರಣವಿಲ್ಲದೆ ಗಂಡನೊಡನಿರಲು ಒಪ್ಪದ ಹೆಂಡತಿಗೆ ಈ ಕಲಮಿನಂತೆ ಪೋಟಗಿ ಸಿಗದು. ಈಕೆಗೆ ಹೊಡೆತವೇ ಯೋಗ್ಯ ಕಾರಣವಾಗಿತ್ತು. ಮಕ್ಕಳ ಹಕ್ಕಿಗಾದರೋ ತಾಯಿಯ ತಪ್ಪುಒಪ್ಪುಗಳ ಸೋಂಕಿಲ್ಲ.

ಪೋಟಗಿಯು ಅರ್ಜಿ ಕೊಟ್ಟ ದಿನದಿಂದಲೇ ಸಲ್ಲತಕ್ಕದ್ದೆಂದು 2020ರ ಅದೇ ತೀರ್ಪು ಹೇಳಿದೆ. ಆಜ್ಞೆಯು ಮಾರ್ಚ್ 1ರಂದು ಆಯಿತೆನ್ನಿ. ಜೂನಿನಿಂದ ಫೆಬ್ರುವರಿಯ ತನಕ ಒಂಬತ್ತು ತಿಂಗಳಿಗೆ 94,500 ಆಗುವುದು. ನಡುವೆ ಮಧ್ಯಂತರ ಆಜ್ಞೆಯಂತೆ ಆತನು ಆರು ತಿಂಗಳು 5,000ದಂತೆ ಕೊಟ್ಟ 30,000 ಕಳೆದು, 64,500 ಬಾಕಿ ನಿಲ್ಲುವುದು. ಕೊಡದಿದ್ದರೆ ಕೋರ್ಟು ವಾರಂಟು ಹೊರಡಿಸಿ ದಂಡದ ಹಣದಂತೆ ವಸೂಲು ಮಾಡಬಲ್ಲದು. ಆಗಲೂ ಸಲ್ಲದ ಪ್ರತಿ ತಿಂಗಳಿನ ಬಾಕಿಗೆ ಒಂದು ತಿಂಗಳ ತನಕ ಸೆರೆಮನೆಗೆ ಕಳಿಸಬಲ್ಲದು. ಸೆರೆಮನೆಯನ್ನು ಅನುಭವಿಸಿದ ಮಾತ್ರಕ್ಕೆ ಬಾಕಿ ಹರಿಯುವುದಿಲ್ಲ. ಆದರೆ ಇಲ್ಲಿ ಒಂದು ಎಚ್ಚರಿಕೆ: ಹಣವು ಸಲ್ಲಬೇಕಾದ ದಿನದಿಂದ ಒಂದು ವರ್ಷದೊಳಗೆ ವಸೂಲಿಯ ಅರ್ಜಿ ಕೊಡದಿದ್ದರೆ ಆ ಬಾಕಿಗೆ ಈ ವಾರಂಟು ಹೊರಡದು. ‘ಇಂದು ಕೊಡುವನು, ನಾಳೆ ಕೊಡುವನು’ ಎಂದು ಕಾದು ಈ ಹಕ್ಕನ್ನು ಕಳೆದುಕೊಂಡವರುಂಟು.

ವೃದ್ಧರಿಗೆ ಎರಡು ದಾರಿಗಳಿವೆ. ಒಂದು, ಮೇಲೆ ಹೇಳಿದ ಕಲಮು. ಮತ್ತೊಂದು, ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣೆಗಾಗಿ ಆದ 2007ರ ಕಾಯಿದೆ. ಎರಡರಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಬೇಕು. ಎರಡನೆಯದರಲ್ಲಿ ಅರ್ಜಿಯನ್ನು ನಡೆಸುವವರು ಪ್ರಾಂತ ಅಧಿಕಾರಿಗಳ ದರ್ಜೆಯವರು; ನೋಟೀಸು ತಲುಪಿದ 90 ದಿನಗಳಲ್ಲಿ ತೀರ್ಮಾನವಾಗತಕ್ಕದ್ದು, ವಿಶೇಷ ಕಾರಣವಿದ್ದರೆ ಇನ್ನು 30 ದಿನ. ಅಲ್ಲಿ ತಿಂಗಳಿಗೆ 10,000 ರೂಪಾಯಿಯ ಮಿತಿಯುಂಟು. 144ನೆಯ ಕಲಮಿನಲ್ಲಿ ಮಿತಿಯಿಲ್ಲ. ಆದಕಾರಣ ಶೀಘ್ರತೆ ಬೇಕಾದವರಿಗೆ ಒಂದು, ಹೆಚ್ಚಿನ ಔಷಧೋಪಚಾರದ ಖರ್ಚುಳ್ಳವರಿಗೆ ಇನ್ನೊಂದು ಮೇಲಾಗಬಹುದು.

ಇಲ್ಲಿಯೂ ಲೆಕ್ಕವು ಅದೇ: ತಂದೆತಾಯಿಗಳ ಅಗತ್ಯವೆಷ್ಟು, ಪಿಂಚಣಿ ಅಥವಾ ಹೊಲದ ಆದಾಯವೆಷ್ಟು, ಪ್ರತಿ ಮಗುವಿನ ಶಕ್ತಿಯೆಷ್ಟು ಎಂಬುದು. ಹೆಣ್ಣುಮಕ್ಕಳಿಗೆ ಈ ಹೊಣೆಯಿಲ್ಲವೆಂಬ ಭ್ರಮೆಯನ್ನು ಸರ್ವೋಚ್ಚ ನ್ಯಾಯಾಲಯವು 1987ರಲ್ಲಿಯೇ ಕಳೆಯಿತು. ಕಲ್ಯಾಣದಲ್ಲಿ ವೈದ್ಯವೃತ್ತಿಯಲ್ಲಿದ್ದ ವಿವಾಹಿತೆಯೊಬ್ಬರ ಮೇಲೆ ತಂದೆಯು ತಂದ ಆ ಮೊಕದ್ದಮೆಯಲ್ಲಿ, ಸ್ವಂತ ಆದಾಯವುಳ್ಳ ಮಗಳೂ ತಂದೆಗೆ ಪೋಟಗಿ ಕೊಡಲು ಬದ್ಧಳೆಂದು ತೀರ್ಪಾಯಿತು.

ಸ್ತ್ರೀಯರಿಗೂ ಮಕ್ಕಳಿಗೂ ಆದಾಯವನ್ನೆಣಿಸದೆ ಸರಕಾರದ ವಿಧಿ ಸೇವಾ ಸಮಿತಿಯಿಂದ ವಕೀಲರು ಉಚಿತವಾಗಿ ದೊರೆಯುವರು. ಆದರೆ ಎಂತಹ ವಕೀಲರೂ ಇಲ್ಲದ ಕಾಗದವನ್ನು ಹುಟ್ಟಿಸಲಾರರು. ಶಾಲೆಯ ಫೀಯ ಪಾವತಿ, ಔಷಧದ ಚೀಟಿ, ಬ್ಯಾಂಕಿನ ಪಾಸಬುಕ್ಕು, ಹೊಲದ ಉತಾರೆ, ದಿನದಿನದ ಖರ್ಚನ್ನು ಬರೆದಿಟ್ಟ ಒಂದು ವಹಿ, ಇವೇ ಅಲ್ಲಿ ಸಾಕ್ಷಿಗಳು. ನಮ್ಮ ದೃಷ್ಟಾಂತದ ತಾಯಿಗೆ ಆ ವಹಿಯನ್ನು ಬರೆದುಕೊಟ್ಟವಳು, ಎಂಟನೆಯ ಇಯತ್ತೆಯಲ್ಲಿ ಓದುವ ಅವಳ ಮಗಳೇ ಆಗಿದ್ದರೆ ಆಶ್ಚರ್ಯವಿಲ್ಲ.